ಒಂದು ಬರೆಹಕ್ಕೆ ಎರಡು ಹೆಸರು: ಅಮರಸುಳ್ಯದ ಲೇಖನವನ್ನು ವಿಡಿಯೊ ಮಾಡಿದ ಬಗೆ

ಪಂಪ ತನ್ನ ಕಾವ್ಯಕ್ಕೆ ಇಟ್ಟ ಹೆಸರು ವಿಕ್ರಮಾರ್ಜುನ ವಿಜಯ. ಓದುಗರ ನಾಲಗೆಯಲ್ಲಿ ನೆಲೆನಿಂತ ಹೆಸರು ಪಂಪಭಾರತ. ರನ್ನನ ಸಾಹಸಭೀಮ ವಿಜಯ ಗದಾಯುದ್ಧವೆಂದೇ ಪ್ರಸಿದ್ಧ. ಚಾವುಂಡರಾಯನ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಗ್ರಂಥಾಲಯದಲ್ಲಿ ಕೇಳುವವರು ಚಾವುಂಡರಾಯ ಪುರಾಣ ಎಂದೇ ಕೇಳುತ್ತಾರೆ. ಇವುಗಳಲ್ಲಿ ಮೊದಲನೆಯ ಹೆಸರು ಕೃತಿಯ ಉದ್ದೇಶವನ್ನು ಹೇಳುತ್ತದೆ. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸುವುದು ಪಂಪನ ಸಂಕಲ್ಪ, ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸುವುದು ರನ್ನನ ಸಂಕಲ್ಪ. ಎರಡನೆಯದು ಕೃತಿಯನ್ನು ಹುಡುಕಿ ಬರುವವನು ಆಡುವ ಹೆಸರು. ಒಂದು ಹೆಸರು ಇನ್ನೊಂದನ್ನು ಅಳಿಸಲಿಲ್ಲ. ಎರಡೂ ಒಂದೇ ಕೃತಿಯ ಹೆಸರುಗಳೆಂದು ಯಾರಾದರೂ ಎಲ್ಲಾದರೂ ಹೇಳಿದ್ದರೆ ಸಾಕಾಗುತ್ತದೆ.

ಲೇಖನವೊಂದನ್ನು ವಿಡಿಯೊ ರೂಪಕ್ಕೆ ತರುವಾಗ ಎದುರಾಗುವ ಮುಖ್ಯ ಪ್ರಶ್ನೆಯೂ ಇದೇ. ಕ್ಯಾಮೆರಾ, ಧ್ವನಿಗ್ರಹಣ, ಸಂಕಲನಗಳ ಬಗ್ಗೆ ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಶೀರ್ಷಿಕೆಯ ಬಗ್ಗೆ ಸಿಗುವ ಸಲಹೆಯಾದರೋ ಒಂದೇ: ಜನರನ್ನು ಸೆಳೆಯುವಂತಿರಲಿ. ಚರಿತ್ರೆಯನ್ನು ಬರೆಯುವವನಿಗೆ ಇಷ್ಟು ಸಾಲದು. ಅವನ ವಿಷಯದಲ್ಲಿ ಶೀರ್ಷಿಕೆಯೇ ಒಂದು ತೀರ್ಪು. 1837ರ ಅಮರಸುಳ್ಯದ ಘಟನೆಯನ್ನು ಕುರಿತ ನನ್ನ ಲೇಖನವನ್ನು ಹನ್ನೊಂದು ನಿಮಿಷದ ವಿಡಿಯೊ ಆಗಿಸಿದ ಕ್ರಮವನ್ನು ಇಲ್ಲಿ ವಿವರವಾಗಿ ದಾಖಲಿಸುತ್ತೇನೆ. ಸಂಶೋಧನೆಯನ್ನು ದೃಶ್ಯಮಾಧ್ಯಮಕ್ಕೆ ಒಯ್ಯಬಯಸುವ ವಿದ್ಯಾರ್ಥಿಗಳಿಗೆ ಇದು ಪ್ರಯೋಜನಕ್ಕೆ ಬರಬಹುದು.

ಮೊದಲು ವಿಷಯವನ್ನು ಸಂಕ್ಷೇಪವಾಗಿ ಹೇಳಬೇಕು. ಘಟ್ಟದ ಕೆಳಗಿನ ಅಮರಸುಳ್ಯ ಸೀಮೆ ಕೊಡಗಿನ ಅರಸರ ಆಳ್ವಿಕೆಯಲ್ಲಿತ್ತು. 1834ರಲ್ಲಿ ಚಿಕವೀರರಾಜೇಂದ್ರನ ಪದಚ್ಯುತಿಯೊಡನೆ ಕೊಡಗು ಕಂಪೆನಿಯ ವಶವಾಯಿತು. ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಸಲ್ಲಿಸಬೇಕಾಗಿ ಬಂದದ್ದು ರೈತರ ಅಸಮಾಧಾನಕ್ಕೆ ದೊಡ್ಡ ಕಾರಣ. 1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಪೂಮಲೆಯಿಂದ ಹೊರಟ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡಿತು. ಪುತ್ತೂರಿನ ಮೂಲಕ ಮುಂದುವರಿದು ಏಪ್ರಿಲ್ 5ರಂದು ಮಂಗಳೂರನ್ನು ಸೇರಿ ಬಾವುಟಗುಡ್ಡೆಯಲ್ಲಿ ತನ್ನ ಬಾವುಟವನ್ನು ಏರಿಸಿತು. ಸುಮಾರು ಎರಡು ವಾರಗಳಲ್ಲಿ ಕಂಪೆನಿಯ ಸೇನೆ ಮಂಗಳೂರನ್ನು ಮರಳಿ ಪಡೆಯಿತು. ಮುಂದೆ ನಾಯಕರಲ್ಲಿ ಹಲವರಿಗೆ ಮರಣದಂಡನೆಯಾಯಿತು. ನಂದಾವರದ ಲಕ್ಷ್ಮಪ್ಪ ಬಂಗರಸನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು.

ಈ ಘಟನೆಗೆ ಒಂದೇ ಹೆಸರಿಲ್ಲ. ಸುಳ್ಯ, ಪುತ್ತೂರು, ಕಡಬದ ಹಿರಿಯರ ಬಾಯಲ್ಲಿ ಅದು ಕಲ್ಯಾಣಪ್ಪನ ಕಾಟಕಾಯಿ. ಆಡಳಿತದ ಕಣ್ಣಿಗೆ ಅದು ದಂಗೆ. ಇತ್ತೀಚಿನ ಬರೆಹಗಳಲ್ಲಿ ಅದು ಅಮರಸುಳ್ಯ ಸ್ವಾತಂತ್ರ್ಯ ಸಮರ, ಅಮರಸುಳ್ಯ ರೈತ ಹೋರಾಟ. ಕೊಡಗಿನ ಕಡೆಯಿಂದ ನೋಡುವವರು ಅದನ್ನು ಕೊಡಗಿನ ಬಂಡಾಯದ ಭಾಗವಾಗಿ ಎಣಿಸುತ್ತಾರೆ. ಒಂದೊಂದು ಹೆಸರೂ ಒಂದೊಂದು ವ್ಯಾಖ್ಯಾನ. ಪದಚ್ಯುತ ಅರಸೊತ್ತಿಗೆಯ ಪುನಃಸ್ಥಾಪನೆ ಉದ್ದೇಶವಾಗಿತ್ತೆ, ಕಂದಾಯದ ಭಾರದಿಂದ ಬಿಡುಗಡೆ ಉದ್ದೇಶವಾಗಿತ್ತೆ, ಪರಕೀಯರ ಆಳ್ವಿಕೆಯ ನಿವಾರಣೆ ಉದ್ದೇಶವಾಗಿತ್ತೆ ಎಂಬ ಚರ್ಚೆ ಈ ಹೆಸರುಗಳೊಳಗೇ ಅಡಗಿದೆ. ನನ್ನ ಲೇಖನವಿದ್ದುದು ಈ ಚರ್ಚೆಯನ್ನು ಕುರಿತು. ಅದರ ಶೀರ್ಷಿಕೆ "ದಂಗೆ, ಸಮರ, ಕಾಟಕಾಯಿ: 1837ರ ಹೆಸರುಗಳು".

ಈ ಶೀರ್ಷಿಕೆಯನ್ನೇ ವಿಡಿಯೊಗೂ ಇಡುವುದು ಸುಲಭದ ದಾರಿ. ಹಾಗೆ ಮಾಡದಿರಲು ಎರಡು ಕಾರಣಗಳಿದ್ದವು. ಮೊದಲನೆಯದು, ವಿಡಿಯೊದಲ್ಲಿ ಇರುವುದು ಲೇಖನವಲ್ಲ. ನಾನು ನಿಧಾನವಾಗಿ ಓದಿದರೆ ನಿಮಿಷಕ್ಕೆ ನೂರು ಪದಗಳು ಸಾಗುತ್ತವೆ. ಎರಡು ಸಾವಿರದ ನಾನೂರು ಪದಗಳ ಲೇಖನಕ್ಕೆ ಇಪ್ಪತ್ತನಾಲ್ಕು ನಿಮಿಷ ಬೇಕು. ಚಿತ್ರ ಬದಲಾಗಲು, ಕೇಳುವವನು ಒಂದು ಹೆಸರನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಲು ಬೇಕಾದ ಬಿಡುವು ಇದರಲ್ಲಿ ಸೇರಿಲ್ಲ. ಆದುದರಿಂದ ವಿಡಿಯೊಗೆ ಸಾವಿರದ ನೂರು ಪದಗಳ ಬೇರೆಯೇ ಪಠ್ಯವನ್ನು ಸಿದ್ಧಪಡಿಸಿದೆ. ಉಳಿಸಿಕೊಂಡದ್ದು ದಂಡು ನಡೆದ ದಾರಿಯನ್ನು. ಬಿಟ್ಟದ್ದು ಹೆಸರುಗಳ ಚರ್ಚೆಯನ್ನು, ಆಕರಗಳ ತುಲನೆಯನ್ನು. ಕೇಳುವವನಿಗೆ ಹಿಂದಿನ ಪುಟವನ್ನು ತಿರುವಿ ನೋಡುವ ಅವಕಾಶವಿಲ್ಲ. ನಾಲ್ಕು ವಿದ್ವಾಂಸರ ಅಭಿಪ್ರಾಯಭೇದವನ್ನು ಅವನು ಕಿವಿಯಲ್ಲಿ ಹಿಡಿದಿಡಲಾರ. ಆದರೆ ಪೂಮಲೆ, ಬೆಳ್ಳಾರೆ, ಪುತ್ತೂರು, ಮಂಗಳೂರು ಎಂಬ ದಾರಿಯನ್ನು ನಕ್ಷೆಯ ಮೇಲೆ ಕಂಡರೆ ಒಮ್ಮೆಗೇ ತಿಳಿಯುತ್ತದೆ. ಬರೆಹ ವಾದಕ್ಕೆ ತಕ್ಕ ಮಾಧ್ಯಮ, ದೃಶ್ಯ ದಾರಿಗೆ ತಕ್ಕ ಮಾಧ್ಯಮ. ಹೆಸರುಗಳ ಚರ್ಚೆಯಿಲ್ಲದ ವಿಡಿಯೊಗೆ ಹೆಸರುಗಳ ಚರ್ಚೆಯ ಶೀರ್ಷಿಕೆ ಕೊಟ್ಟರೆ ಅದು ಸುಳ್ಳಾಗುತ್ತದೆ.

ಪಠ್ಯ ಹೇಗೆ ಬದಲಾಯಿತೆಂಬುದಕ್ಕೆ ಒಂದು ಉದಾಹರಣೆ. ಲೇಖನದಲ್ಲಿ ಹೀಗಿತ್ತು: "1834ರಲ್ಲಿ ಕೊಡಗಿನ ಅರಸೊತ್ತಿಗೆ ಕೊನೆಗೊಂಡ ತರುವಾಯ ಅಮರಸುಳ್ಯ ಸೀಮೆಯು ಕೆನರಾ ಜಿಲ್ಲೆಗೆ ಸೇರ್ಪಡೆಯಾಗಿ, ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಸಲ್ಲಿಸಬೇಕಾಗಿ ಬಂದದ್ದು ರೈತರ ಅಸಮಾಧಾನಕ್ಕೆ ಕಾರಣವಾಯಿತು." ವಿಡಿಯೊದಲ್ಲಿ ಅದು ಹೀಗಾಯಿತು: "1834. ಕೊಡಗಿನ ಅರಸರ ಆಳ್ವಿಕೆ ಮುಗಿಯಿತು. ಘಟ್ಟದ ಕೆಳಗಿನ ಸುಳ್ಯ ಸೀಮೆ ಮಂಗಳೂರಿನ ಕಲೆಕ್ಟರರ ಕೈಗೆ ಬಂತು. ನಿನ್ನೆಯವರೆಗೆ ಬೆಳೆಯಲ್ಲಿ ಕೊಟ್ಟ ಕಂದಾಯವನ್ನು ಇನ್ನು ಹಣದಲ್ಲಿ ಕೊಡಬೇಕು." ಸಂಗತಿ ಒಂದೇ. ಆದರೆ ಮೊದಲ ವಾಕ್ಯದಲ್ಲಿ ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯಬೇಕು. ಕಣ್ಣು ಕಾಯುತ್ತದೆ, ಕಿವಿ ಕಾಯುವುದಿಲ್ಲ.

ಎರಡನೆಯ ಕಾರಣ ಹುಡುಕಾಟಕ್ಕೆ ಸಂಬಂಧಿಸಿದ್ದು. ಲೇಖನವನ್ನು ಅರಸಿ ಬರುವವನು ಸಾಮಾನ್ಯವಾಗಿ ವಿದ್ಯಾರ್ಥಿ. ಅವನು "ಅಮರಸುಳ್ಯ", "1837" ಎಂಬ ಪದಗಳನ್ನು ಬಲ್ಲ. ಯೂಟ್ಯೂಬಿನಲ್ಲಿ ಅರಸುವವನು ಬೆಳ್ಳಾರೆಯ ಅಂಗಡಿಯವನಿರಬಹುದು, ಮುಂಬಯಿಯಲ್ಲಿ ನೆಲಸಿದ ಪುತ್ತೂರಿನವನಿರಬಹುದು. ಅವನ ನೆನಪಿನಲ್ಲಿರುವುದು ಅಜ್ಜಿಯ ಬಾಯಿಂದ ಕೇಳಿದ ಮಾತು. ಎರಡು ಕಡೆಯೂ ಒಂದೇ ಹೆಸರಿಟ್ಟರೆ ಒಂದೇ ಬಾಗಿಲಿಗೆ ಎರಡು ಬೋರ್ಡು ತೂಗಿಸಿದಂತೆ. ಬೇರೆ ಬೇರೆ ಹೆಸರಿಟ್ಟು ಒಂದರಿಂದ ಇನ್ನೊಂದಕ್ಕೆ ದಾರಿ ಮಾಡಿದರೆ ಎರಡು ಬಾಗಿಲುಗಳಾಗುತ್ತವೆ.

ವಿಡಿಯೊಗೆ ಯೋಚಿಸಿದ ಶೀರ್ಷಿಕೆಗಳಲ್ಲಿ ಎರಡನ್ನು ಬದಿಗಿಟ್ಟ ಕಾರಣವನ್ನು ಹೇಳಬೇಕು. ಈ ಬಗೆಯ ಆಮಿಷ ಎಲ್ಲ ಚರಿತ್ರೆಯ ವಿಡಿಯೊಗಳಿಗೂ ಬರುತ್ತದೆ.

ಒಂದು, "1857ಕ್ಕೂ ಮೊದಲೇ ನಡೆದ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ". 1857ಕ್ಕೆ ಇಪ್ಪತ್ತು ವರ್ಷ ಮೊದಲು ನಡೆದುದು ನಿಜ. ಆದರೆ "ಪ್ರಥಮ" ಎಂಬ ಪದ ನಿಲ್ಲುವುದಿಲ್ಲ. ಕಿತ್ತೂರಿನ ಯುದ್ಧ 1824ರದು. ಧೋಂಡಿಯಾ ವಾಘನ ಹೋರಾಟ ಮುಗಿದದ್ದು 1800ರಲ್ಲಿ. ಕರ್ನಾಟಕದೊಳಗೇ ಇಷ್ಟು ಪ್ರತಿಸ್ಪರ್ಧಿಗಳಿರುವಾಗ ಈ ಶೀರ್ಷಿಕೆಯ ಕೆಳಗೆ ನಡೆಯುವ ಚರ್ಚೆಯೆಲ್ಲ ಯಾರು ಮೊದಲು ಎಂಬುದನ್ನು ಕುರಿತೇ ಆಗುತ್ತದೆ. ಸುಳ್ಯದ ರೈತ ಏಕೆ ಹೊರಟ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ.

ಇನ್ನೊಂದು ನನಗೆ ಹೆಚ್ಚು ಹತ್ತಿರದ್ದು: "ಗಲ್ಲಿಗೇರಿದ ಜೈನ ಅರಸ". ತುಳುನಾಡಿನ ಬಂಗರಸರದು ಜೈನ ಮನೆತನ. ಲಕ್ಷ್ಮಪ್ಪ ಬಂಗರಸನ ಮರಣದಂಡನೆಯ ವಿಷಯ ನಮ್ಮ ಸಮಾಜದೊಳಗೇ ಅನೇಕರಿಗೆ ತಿಳಿಯದು. ಈ ಶೀರ್ಷಿಕೆಯಲ್ಲಿ ಅಸತ್ಯವಾದ ಪದ ಒಂದೂ ಇಲ್ಲ. ಆದರೂ ಅದನ್ನು ಇಡಲಿಲ್ಲ. ಹನ್ನೊಂದು ನಿಮಿಷಗಳ ವಿಡಿಯೊದಲ್ಲಿ ಬಂಗರಸನ ಪ್ರಸಂಗ ಬರುವುದು ಕೊನೆಯ ಒಂದೂವರೆ ನಿಮಿಷದಲ್ಲಿ. ಅವನಿಗಾಗಿ ಬಂದ ನೋಡುಗ ಒಂಬತ್ತು ನಿಮಿಷ ಕಾಯುವುದಿಲ್ಲ, ಎದ್ದುಹೋಗುತ್ತಾನೆ. ಅದಕ್ಕಿಂತ ಮುಖ್ಯವಾದ ಮಾತು ಬೇರೆ. ದಂಡಿನಲ್ಲಿ ಗೌಡರಿದ್ದರು, ಜೈನರಿದ್ದರು, ಬೇರೆ ಬೇರೆ ಸಮುದಾಯಗಳವರಿದ್ದರು. ಒಂದು ಸಮುದಾಯದ ಹೆಸರು ಶೀರ್ಷಿಕೆಗೆ ಏರಿದೊಡನೆ ಉಳಿದವರು ಆ ಕಥೆಯ ಹೊರಗೆ ನಿಲ್ಲುತ್ತಾರೆ. ಅಂಥ ಆಯ್ಕೆಯನ್ನು ಒಂದು ಲೇಖನದಲ್ಲಿ ಕಾರಣಸಹಿತ ಸಮರ್ಥಿಸಬಹುದು. ಹತ್ತು ಪದಗಳ ಶೀರ್ಷಿಕೆಯಲ್ಲಿ ಸಮರ್ಥನೆಗೆ ಜಾಗವಿಲ್ಲ. ಬಂಗರಸನ ಕುರಿತು ಪ್ರತ್ಯೇಕ ವಿಡಿಯೊ ಮಾಡಿದಾಗ ಆ ಶೀರ್ಷಿಕೆ ಅದಕ್ಕೆ ಸಲ್ಲುತ್ತದೆ.

ಕೊನೆಗೆ ಇಟ್ಟ ಶೀರ್ಷಿಕೆ ಇದು:

```
ಕಲ್ಯಾಣಪ್ಪನ ಕಾಟಕಾಯಿ: 1837ರಲ್ಲಿ ಸುಳ್ಯದಿಂದ ಮಂಗಳೂರಿಗೆ ನಡೆದ ದಂಡು
```

ಮೊದಲ ಎರಡು ಪದಗಳು ಜನರ ನೆನಪಿನ ಹೆಸರು. ಆಮೇಲೆ ವರ್ಷ, ಹೊರಟ ಊರು, ತಲುಪಿದ ಊರು. ದಂಗೆ ಎನ್ನುವವರೂ ಸಮರ ಎನ್ನುವವರೂ ಒಪ್ಪಲೇಬೇಕಾದ ಸಂಗತಿ ಒಂದು ದಂಡು ನಡೆಯಿತೆಂಬುದು. ವಿಡಿಯೊ ತೋರಿಸುವುದೂ ಅಷ್ಟನ್ನೇ. ಫೋನಿನ ಪರದೆಯಲ್ಲಿ ಉದ್ದನೆಯ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ. ಆದುದರಿಂದ ಗುರುತಿಸಬೇಕಾದ ಪದಗಳು ಮೊದಲೇ ಬರಬೇಕು. "ಒಂದು ಮರೆತ ಅಧ್ಯಾಯ", "ನಿಮಗಿದು ಗೊತ್ತೇ" ಎಂದು ಮೊದಲಾಗುವ ಶೀರ್ಷಿಕೆಗಳಲ್ಲಿ ಉಳಿಯುವ ಭಾಗವೇ ಅರ್ಥವಿಲ್ಲದ ಭಾಗವಾಗಿರುತ್ತದೆ.

ಕನ್ನಡದಲ್ಲಿ ಶೀರ್ಷಿಕೆ ಬರೆಯುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಯೂಟ್ಯೂಬ್ ಶೀರ್ಷಿಕೆಗೆ ಹಾಕಿರುವ ಮಿತಿ ನೂರು ಅಕ್ಷರ ಎನ್ನುತ್ತಾರೆ. ಅದು ನಮ್ಮ ಅಕ್ಷರವಲ್ಲ, ಗಣಕದ ಸಂಕೇತ. ಸ್ವಾತಂತ್ರ್ಯ ಎಂಬ ಪದದಲ್ಲಿ ಛಂದಸ್ಸಿನ ಲೆಕ್ಕಕ್ಕೆ ಮೂರೇ ಅಕ್ಷರಗಳು. ಗಣಕ ವ್ಯಂಜನ, ವಿರಾಮ, ಸ್ವರಚಿಹ್ನೆ, ಬಿಂದುಗಳನ್ನು ಬೇರೆ ಬೇರೆಯಾಗಿ ಎಣಿಸುವುದರಿಂದ ಅದು ಹನ್ನೊಂದಾಗುತ್ತದೆ. ಮೇಲಿನ ಶೀರ್ಷಿಕೆ ಈ ಲೆಕ್ಕದಲ್ಲಿ ಐವತ್ತೊಂಬತ್ತು. ಒತ್ತಕ್ಷರಗಳು ತುಂಬಿದ ಸಂಸ್ಕೃತಭೂಯಿಷ್ಠ ಶೀರ್ಷಿಕೆ ಕಣ್ಣಿಗೆ ಚಿಕ್ಕದಾಗಿ ಕಂಡರೂ ಬೇಗನೆ ಮಿತಿಯನ್ನು ಮುಟ್ಟುತ್ತದೆ.

ಉಳಿದ ಜಾಗದಲ್ಲಿ ಇಂಗ್ಲಿಷ್ ಶೀರ್ಷಿಕೆಯನ್ನೂ ಸೇರಿಸುವ ರೂಢಿಯಿದೆ. ಎರಡು ಲಿಪಿಗಳನ್ನು ಒಂದೇ ಸಾಲಿಗೆ ತುರುಕಿದರೆ ಎರಡೂ ಅರ್ಧಂಬರ್ಧ ಕಾಣಿಸುತ್ತವೆ. ಬೇರೆ ಭಾಷೆಯ ಶೀರ್ಷಿಕೆಯನ್ನೂ ವಿವರಣೆಯನ್ನೂ ಪ್ರತ್ಯೇಕವಾಗಿ ತುಂಬಿಸುವ ವ್ಯವಸ್ಥೆ ಯೂಟ್ಯೂಬಿನಲ್ಲೇ ಇದೆ. ನೋಡುಗನ ಭಾಷೆಯ ಆಯ್ಕೆಗೆ ತಕ್ಕಂತೆ ಅದು ತೋರುತ್ತದೆ. ಆದುದರಿಂದ ಕನ್ನಡದ ಸಾಲನ್ನು ಕನ್ನಡವಾಗಿಯೇ ಬಿಟ್ಟೆ.

ಇನ್ನು ವಿವರಣೆ. ನಮ್ಮ ಓಲೆಗ್ರಂಥಗಳ ಕೊನೆಯಲ್ಲಿ ಪುಷ್ಪಿಕೆ ಇರುತ್ತದೆ. ಕೃತಿ ಯಾವುದು, ಯಾರು ಬರೆದರು, ಯಾವಾಗ ಪ್ರತಿ ಮಾಡಿದರು ಎಂಬುದನ್ನು ಅದು ಹೇಳುತ್ತದೆ. ಎಷ್ಟೋ ಕೃತಿಗಳ ನಿಜವಾದ ಹೆಸರು ನಮಗೆ ತಿಳಿದಿರುವುದು ಅದರಿಂದಲೇ. ವಿಡಿಯೊದ ವಿವರಣೆಯನ್ನು ನಾನು ಪುಷ್ಪಿಕೆಯಂತೆಯೇ ಬರೆದೆ. ವ್ಯತ್ಯಾಸವೆಂದರೆ, ಪುಷ್ಪಿಕೆ ಕೊನೆಗೆ ಬರುತ್ತದೆ, ವಿವರಣೆಯ ಮೊದಲ ಎರಡು ಸಾಲುಗಳು ಎಲ್ಲಕ್ಕಿಂತ ಮೊದಲು ಕಾಣುತ್ತವೆ. ಉಳಿದುದನ್ನು ಓದಲು ನೋಡುಗ "ಇನ್ನಷ್ಟು" ಎಂಬುದನ್ನು ಒತ್ತಬೇಕು, ಬಹಳ ಮಂದಿ ಒತ್ತುವುದಿಲ್ಲ. ಐದು ಸಾವಿರ ಸಂಕೇತಗಳ ಅವಕಾಶವಿದ್ದರೂ ಬೆಲೆಯುಳ್ಳದ್ದು ಈ ಎರಡು ಸಾಲುಗಳೇ. ಸ್ವಾಗತವಚನಕ್ಕೂ ಚಂದಾದಾರರಾಗಿರೆಂಬ ವಿನಂತಿಗೂ ಅದನ್ನು ವ್ಯಯಿಸಬಾರದು. ನಾನು ಬರೆದದ್ದು:

```
1837ರ ಅಮರಸುಳ್ಯ ದಂಡಿನ ದಾರಿ: ಪೂಮಲೆ, ಬೆಳ್ಳಾರೆ, ಪುತ್ತೂರು, ಮಂಗಳೂರು.
ಇದು ದಂಗೆಯೋ ಸಮರವೋ ಎಂಬ ಚರ್ಚೆ ಮತ್ತು ಆಕರಗಳು ಲೇಖನದಲ್ಲಿವೆ:
```

ಎರಡನೆಯ ಸಾಲಿನ ನಂತರ ಲೇಖನದ ಕೊಂಡಿ. ಇಲ್ಲಿ ಗಮನಿಸಬೇಕಾದುದು ಆ ಸಾಲಿನ ರೀತಿ. "ಹೆಚ್ಚಿನ ಮಾಹಿತಿಗೆ ಲೇಖನ ಓದಿ" ಎಂದರೆ ಯಾರೂ ಹೋಗುವುದಿಲ್ಲ. ಹೆಚ್ಚಿನದು ಏನೆಂದು ಅದು ಹೇಳುವುದಿಲ್ಲ. ವಿಡಿಯೊದಲ್ಲಿ ಇಲ್ಲದ ಒಂದು ನಿರ್ದಿಷ್ಟ ಸಂಗತಿ ಅಲ್ಲಿದೆಯೆಂದು ಹೇಳಿದರೆ ಅದು ಬೇಕಾದವನು ಹೋಗುತ್ತಾನೆ, ಬೇಡವಾದವನು ವಿಡಿಯೊವನ್ನೇ ನೋಡುತ್ತಾನೆ. ಶೀರ್ಷಿಕೆಯಲ್ಲಿ ಕಾಟಕಾಯಿ, ಮೊದಲ ಸಾಲಿನಲ್ಲಿ ಅಮರಸುಳ್ಯ ಬಂದುದರಿಂದ ಪಂಪಭಾರತವೇ ವಿಕ್ರಮಾರ್ಜುನ ವಿಜಯವೆಂದು ಹೇಳಿದಂತೆಯೂ ಆಯಿತು.

ಅದರ ಕೆಳಗೆ ಅಧ್ಯಾಯಗಳ ಪಟ್ಟಿ. ಕಾಲಸೂಚಿಯನ್ನು ವಿವರಣೆಯಲ್ಲಿ ಬರೆದರೆ ಯೂಟ್ಯೂಬ್ ವಿಡಿಯೊವನ್ನು ತಾನಾಗಿ ವಿಭಾಗಿಸುತ್ತದೆ. ಅದಕ್ಕೆ ಮೂರು ನಿಯಮಗಳಿವೆ: ಮೊದಲ ಸಾಲು ಸೊನ್ನೆಯಿಂದಲೇ ಮೊದಲಾಗಬೇಕು, ಏರುವ ಕ್ರಮದಲ್ಲಿ ಕಡಿಮೆಯೆಂದರೆ ಮೂರು ಸೂಚಿಗಳಿರಬೇಕು, ಪ್ರತಿಯೊಂದು ಭಾಗವೂ ಹತ್ತು ಸೆಕೆಂಡಿಗೆ ಕಡಿಮೆಯಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ವಿಭಾಗಗಳು ಮೂಡುವುದಿಲ್ಲ.

```
00:00 ಬಾವುಟಗುಡ್ಡೆಯ ಬಾವುಟ
01:10 1834: ಸೀಮೆ ಕೆನರಾ ಜಿಲ್ಲೆಗೆ
03:05 ನಗದು ಕಂದಾಯ
04:40 ಪೂಮಲೆಯಿಂದ ಬೆಳ್ಳಾರೆಗೆ
06:20 ಪುತ್ತೂರಿನಿಂದ ಮಂಗಳೂರಿಗೆ
08:00 ಕಲ್ಯಾಣಸ್ವಾಮಿ ಯಾರು?
09:20 ಬಿಕರ್ನಕಟ್ಟೆ ಮತ್ತು ಮಡಿಕೇರಿ
```

ಇವುಗಳಲ್ಲಿ ಆರನೆಯ ಅಧ್ಯಾಯ ಶೀರ್ಷಿಕೆಯ ಋಣವನ್ನು ತೀರಿಸುವ ಅಧ್ಯಾಯ. ದಂಡಿನವರು ಮುಂದಿಟ್ಟ ಕಲ್ಯಾಣಸ್ವಾಮಿ ಹಾಲೇರಿ ವಂಶದವನೆಂಬುದು ಪ್ರಚಾರ. ಆ ಹೆಸರಿನಲ್ಲಿ ದಂಡಿನ ಜೊತೆಗಿದ್ದವನು ಪುಟ್ಟಬಸಪ್ಪ. ಜನರ ನೆನಪು ಉಳಿಸಿಕೊಂಡದ್ದು ಎರವಲು ಹೆಸರನ್ನು. ಇದೇ ಸೀಮೆಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರೂ ತಮ್ಮ ಕಾದಂಬರಿಗೆ ಇಟ್ಟ ಹೆಸರು ಕಲ್ಯಾಣಸ್ವಾಮಿ ಎಂದೇ. ಜನಪ್ರಿಯವಾದ ಹೆಸರನ್ನು ಶೀರ್ಷಿಕೆಯಲ್ಲಿ ಬಳಸುವವನು ಅದರ ಹಿಂದಿನ ಸಂಗತಿಯನ್ನು ಒಳಗೆ ಎಲ್ಲಾದರೂ ಹೇಳಲೇಬೇಕು. ಹೇಳಿರುವ ಜಾಗ ಯಾವುದೆಂದು ವಿವರಣೆಯಲ್ಲಿ ತೋರಿಸಬೇಕು. ಹಾಗಿದ್ದರೆ ಶೀರ್ಷಿಕೆ ಜನರ ಮಾತನ್ನು ಆಡಿದರೂ ವಿದ್ವತ್ತಿಗೆ ಕುಂದಿಲ್ಲ.

ಪಟ್ಟಿಯ ಕೆಳಗೆ ಊರುಗಳ ಒಂದು ಸಾಲು. ಇದು ಅಲಂಕಾರವಲ್ಲ, ನಮ್ಮ ಮೂರು ಊರುಗಳ ಹೆಸರುಗಳು ತಂದೊಡ್ಡುವ ತೊಡಕಿಗೆ ಪರಿಹಾರ. ಪುತ್ತೂರು ಎಂಬ ಹೆಸರಿನ ಊರು ಆಂಧ್ರದಲ್ಲೂ ಇದೆ. ಜೈನ ಚರಿತ್ರೆಯ ವಿದ್ಯಾರ್ಥಿ ಕಡಬ ಎಂದೊಡನೆ ನೆನೆಯುವುದು 812ರ ಕಡಬದ ತಾಮ್ರಶಾಸನವನ್ನು. ರಾಷ್ಟ್ರಕೂಟ ಮೂರನೆಯ ಗೋವಿಂದನು ಅರ್ಕಕೀರ್ತಿ ಮುನಿಗೆ ಕೊಟ್ಟ ದಾನದ ಆ ಶಾಸನದ ಕಡಬ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನದು. ನಮ್ಮ ಕಡಬವು ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಇತ್ತೀಚೆಗೆ ರಚನೆಯಾದ ತಾಲೂಕು. ಹಳೆಯ ಪುಸ್ತಕಗಳಲ್ಲಿ ಸುಬ್ರಹ್ಮಣ್ಯ ಸುಳ್ಯ ತಾಲೂಕಿನ ಊರು, ಇಂದು ಅದು ಕಡಬದ್ದು. ಸುಳ್ಯವನ್ನು ಲ್ಯಾಟಿನ್ ಲಿಪಿಯಲ್ಲಿ ಟೈಪು ಮಾಡುವವರು ಎರಡು ಬಗೆಯಲ್ಲಿ ಮಾಡುತ್ತಾರೆ. ಇದನ್ನೆಲ್ಲ ಲೇಖನದ ವಾಕ್ಯಗಳೊಳಗೆ ತುಂಬಿದರೆ ಓಟ ಕೆಡುತ್ತದೆ. ವಿವರಣೆಯ ಒಂದು ಸಾಲು ಅದನ್ನು ಹೊರುತ್ತದೆ:

```
ಸುಳ್ಯ, ಪುತ್ತೂರು, ಕಡಬ (ದಕ್ಷಿಣ ಕನ್ನಡ) | Amara Sullia, Amara Sulya 1837
```

ಇದೇ ಪದಗಳನ್ನು ಹತ್ತು ಬಗೆಯಲ್ಲಿ ಪುನರಾವರ್ತಿಸುವುದರಿಂದ ಪ್ರಯೋಜನವಿಲ್ಲ, ದಾರಿತಪ್ಪಿಸುವ ವಿವರಣೆಯೆಂದು ಯೂಟ್ಯೂಬ್ ಎಣಿಸುವ ಅಪಾಯವೂ ಇದೆ. ವಿಡಿಯೊದಲ್ಲಿ ಇಲ್ಲದ ಕಿತ್ತೂರು, ಝಾನ್ಸಿಗಳ ಹೆಸರನ್ನು ಹುಡುಕಾಟಕ್ಕೆಂದು ಸೇರಿಸುವುದೂ ಹಾಗೆಯೇ.

ಶೀರ್ಷಿಕೆಯ ಜೊತೆಗೇ ಕಾಣುವ ಥಂಬ್‌ನೇಲ್ ಶೀರ್ಷಿಕೆಯಷ್ಟೇ ಮಾತಾಡುತ್ತದೆ. 1837ರ ನಾಯಕರಲ್ಲಿ ಯಾರೊಬ್ಬರ ಛಾಯಾಚಿತ್ರವೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಛಾಯಾಗ್ರಹಣದ ವಿಧಾನ ಜಗತ್ತಿಗೆ ಪ್ರಕಟವಾದದ್ದೇ 1839ರಲ್ಲಿ. ನಾವು ನೋಡುವ ಮುಖಗಳೆಲ್ಲ ಕಲಾವಿದರ ಕಲ್ಪನೆ. ಬಾವುಟಗುಡ್ಡೆಯಲ್ಲಿ 2022ರಲ್ಲಿ ಅನಾವರಣಗೊಂಡ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯೂ ಅಂಥದೇ. ಪ್ರತಿಮೆಯನ್ನು ವಿಡಿಯೊದ ಒಳಗೆ, ಅದು ಪ್ರತಿಮೆಯೆಂದು ಬರೆದು ತೋರಿಸಿದ್ದೇನೆ. ಥಂಬ್‌ನೇಲಿಗೆ ಮಾತ್ರ ನಕ್ಷೆಯನ್ನು ಇಟ್ಟೆ. ಪೂಮಲೆಯಿಂದ ಕಡಲವರೆಗೆ ಒಂದು ಗೆರೆ, ಮೇಲೆ "1837" ಎಂಬ ಅಂಕೆ. ಶೀರ್ಷಿಕೆಯ ಪದಗಳನ್ನೇ ಚಿತ್ರದ ಮೇಲೂ ಬರೆದರೆ ಇರುವ ಚಿಕ್ಕ ಜಾಗದಲ್ಲಿ ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ.

ಶೀರ್ಷಿಕೆಯೂ ಒಳಗಿನ ವಸ್ತುವೂ ಹೊಂದಿವೆಯೇ ಎಂಬುದನ್ನು ತಿಳಿಯುವುದು ಹೇಗೆ? ವಿಡಿಯೊದ ಒಡೆಯನಿಗೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಎರಡು ಸಂಗತಿಗಳು ಕಾಣಸಿಗುತ್ತವೆ. ಶೀರ್ಷಿಕೆ ಕಣ್ಣಿಗೆ ಬಿದ್ದವರಲ್ಲಿ ಎಷ್ಟು ಮಂದಿ ಒತ್ತಿದರು ಎಂಬುದು ಒಂದು, ಒತ್ತಿದವರು ಎಷ್ಟು ಹೊತ್ತು ಕುಳಿತರು ಎಂಬ ಗೆರೆಚಿತ್ರ ಇನ್ನೊಂದು. ಎರಡನ್ನೂ ಜೊತೆಯಾಗಿ ಓದಬೇಕು. ಬಹಳ ಮಂದಿ ಒತ್ತಿ, ಮೊದಲ ಅರ್ಧ ನಿಮಿಷದಲ್ಲೇ ಗೆರೆ ಕಡಿದಾಗಿ ಇಳಿದರೆ ಶೀರ್ಷಿಕೆ ಕೊಟ್ಟ ಮಾತು ಒಳಗಿಲ್ಲ. ಕೆಲವೇ ಮಂದಿ ಒತ್ತಿದರೂ ಅವರು ಕೊನೆಯವರೆಗೆ ಕುಳಿತರೆ ವಸ್ತು ಸರಿಯಿದೆ, ಹೆಸರು ತಲುಪುತ್ತಿಲ್ಲ. ಮೊದಲನೆಯದಕ್ಕೆ ಶೀರ್ಷಿಕೆಯನ್ನು ತಗ್ಗಿಸಬೇಕು, ಎರಡನೆಯದಕ್ಕೆ ಜನ ಬಳಸುವ ಪದವನ್ನು ಹುಡುಕಬೇಕು. ಆ ಪದವೂ ಅಲ್ಲಿಯೇ ಸಿಗುತ್ತದೆ: ಯಾವ ಮಾತನ್ನು ಟೈಪು ಮಾಡಿ ಬಂದರೆಂಬ ಪಟ್ಟಿ ಇರುತ್ತದೆ. ಈ ಅಳತೆಗಳಿಗೂ ಮಿತಿಯಿದೆ. ನೋಡುಗರ ಸಂಖ್ಯೆ ಕೆಲವು ನೂರುಗಳಷ್ಟೇ ಇರುವಾಗ ಒಂದು ವಾಟ್ಸ್‌ಆಪ್ ಬಳಗದಿಂದ ಬಂದವರೇ ಇಡೀ ಚಿತ್ರವನ್ನು ಬದಲಿಸಬಲ್ಲರು. ಕೆಲವು ವಾರ ಕಾಯದೆ ಶೀರ್ಷಿಕೆಯನ್ನು ತಿದ್ದುವುದು ಯುಕ್ತವಲ್ಲ.

ಇಷ್ಟಾದ ಮೇಲೆ ಲೇಖನಕ್ಕೆ ಹಿಂದಿರುಗಿ ಅದನ್ನೂ ಹೊಂದಿಸಬೇಕು. ಲೇಖನದ ಮೊದಲ ಪರಿಚ್ಛೇದದಲ್ಲಿ "ಕಲ್ಯಾಣಪ್ಪನ ಕಾಟಕಾಯಿಯೆಂದು ಜನ ಕರೆಯುವ" ಎಂಬ ವಿಶೇಷಣವನ್ನು ಸೇರಿಸಿದೆ. ವಿಡಿಯೊದಿಂದ ಬಂದವನಿಗೆ ತಾನು ಸರಿಯಾದ ಜಾಗಕ್ಕೇ ಬಂದೆನೆಂದು ತಿಳಿಯಲು ಅದು ಬೇಕು. ವಿಡಿಯೊವನ್ನು ಲೇಖನದ ನೆತ್ತಿಯ ಮೇಲೆ ಕೂರಿಸಲಿಲ್ಲ. ಅಲ್ಲಿದ್ದರೆ ಓದಲು ಬಂದವನು ಓದುವ ಮೊದಲೇ ನೋಡುಗನಾಗುತ್ತಾನೆ. ದಂಡಿನ ದಾರಿಯನ್ನು ವರ್ಣಿಸುವ ಭಾಗದ ಕೊನೆಯಲ್ಲಿ, ನಕ್ಷೆ ಬೇಕೆನಿಸುವ ಜಾಗದಲ್ಲಿ ಇಟ್ಟೆ. ಕೊಂಡಿಯ ಕೊನೆಗೆ ಸೆಕೆಂಡುಗಳನ್ನು ಸೂಚಿಸಿದರೆ ವಿಡಿಯೊ ಆ ಜಾಗದಿಂದಲೇ ತೆರೆಯುತ್ತದೆ. ಪೂಮಲೆಯ ಅಧ್ಯಾಯ 4 ನಿಮಿಷ 40 ಸೆಕೆಂಡಿಗೆ ಮೊದಲಾಗುವುದರಿಂದ ಸೇರಿಸಬೇಕಾದದ್ದು ಇಷ್ಟೇ:

```
&t=280s
```

ಎರಡು ರೂಪಗಳ ನಡುವೆ ಮುಖ್ಯವಾದ ಇನ್ನೊಂದು ಭೇದವಿದೆ. ಏನನ್ನು ಎಲ್ಲಿ ಇಡಬೇಕೆಂಬುದನ್ನು ಕೊನೆಗೆ ನಿರ್ಣಯಿಸುವುದು ಅದೇ. ಲೇಖನವನ್ನು ಎಂದು ಬೇಕಾದರೂ ತಿದ್ದಬಹುದು. ಶೀರ್ಷಿಕೆಯನ್ನೂ ವಿವರಣೆಯನ್ನೂ ತಿದ್ದಬಹುದು. ಏರಿಸಿದ ವಿಡಿಯೊದಿಂದ ಒಂದು ತುಣುಕನ್ನು ಕತ್ತರಿಸಬಹುದೇ ಹೊರತು ಅದೇ ಕೊಂಡಿಯಲ್ಲಿ ಹೊಸ ಪಾಠವನ್ನು ಇಡಲಾಗದು. ಅದು ಶಿಲಾಶಾಸನ, ಲೇಖನ ಓಲೆಯ ಪ್ರತಿ. ಹೊಸ ಆಕರ ಸಿಕ್ಕಿದರೆ ಬದಲಾಗಬಹುದಾದ ಮಾತುಗಳನ್ನು ಕಲ್ಲಿನಲ್ಲಿ ಕೆತ್ತಬಾರದು. ದಂಡಿನಲ್ಲಿ ಎಷ್ಟು ಸಾವಿರ ಜನರಿದ್ದರೆಂಬ ಅಂದಾಜು, ನಾಯಕರ ಉದ್ದೇಶಗಳ ವಿಶ್ಲೇಷಣೆ, ಹೆಸರುಗಳ ಚರ್ಚೆ ಇವೆಲ್ಲ ಲೇಖನದಲ್ಲಿ ಉಳಿದದ್ದು ಇದಕ್ಕಾಗಿ. ಏಪ್ರಿಲ್ 5, ಬೆಳ್ಳಾರೆ, ಬಾವುಟಗುಡ್ಡೆ ಮೊದಲಾದ ನಿಂತ ಸಂಗತಿಗಳು ವಿಡಿಯೊಗೆ ಹೋದವು. ಎರಡರ ನಡುವಿನ ವಿವರಣೆಯ ಕೊನೆಯಲ್ಲಿ "ತಿದ್ದುಪಡಿಗಳು" ಎಂದು ಒಂದು ಸಾಲನ್ನು ಬರೆದು, ಅದರ ಮುಂದೆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಮುಂದೆ ಸಿಗಬಹುದಾದ ಆಕರಕ್ಕೆ ದಿನಾಂಕಸಹಿತ ಅಲ್ಲಿ ಸ್ಥಳವಿದೆ.